ಕೊನೆಯ ಸಂಖ್ಯೆಯೇ ಶೇಷ: ಘನ ಬಹುಪದೋಕ್ತಿಯನ್ನು ಅಪವರ್ತಿಸುವುದು ಹೇಗೆ?

ವರ್ಗ ಬಹುಪದೋಕ್ತಿಯ ಅಪವರ್ತನಗಳನ್ನು ಕಂಡುಹಿಡಿಯಲು ಮಧ್ಯಪದವನ್ನು ಒಡೆದು ಬರೆಯುವ ಕ್ರಮವನ್ನು ಪ್ರೌಢಶಾಲೆಯ ಮಕ್ಕಳು ಬೇಗ ರೂಢಿಸಿಕೊಳ್ಳುತ್ತಾರೆ. ಘಾತ ಮೂರಕ್ಕೆ ಏರಿದೊಡನೆ ಆ ಕ್ರಮ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಆಗ ಮೊದಲು ಒಂದು ರೇಖಾತ್ಮಕ ಅಪವರ್ತನವನ್ನು ಹುಡುಕಿ, ಅದರಿಂದ ಭಾಗಿಸಿ, ಉಳಿದ ವರ್ಗ ಬಹುಪದೋಕ್ತಿಯನ್ನು ಹಳೆಯ ಕ್ರಮದಲ್ಲೇ ಬಿಡಿಸಬೇಕಾಗುತ್ತದೆ. ಹುಡುಕುವುದಕ್ಕೆ ಶೇಷ ಪ್ರಮೇಯ, ಭಾಗಿಸುವುದಕ್ಕೆ ಸಂಶ್ಲೇಷಿತ ಭಾಗಾಕಾರ ಎಂದು ಇವೆರಡನ್ನೂ ಬೇರೆ ಬೇರೆ ಪಾಠಗಳಂತೆ ಕಲಿಯುವವರೇ ಹೆಚ್ಚು. ವಾಸ್ತವದಲ್ಲಿ ಇವೆರಡೂ ಒಂದೇ ಲೆಕ್ಕದ ಎರಡು ರೂಪಗಳು. ಇದು ಮನದಟ್ಟಾದರೆ ಅರ್ಧದಷ್ಟು ಬರವಣಿಗೆ ಉಳಿಯುತ್ತದೆ.

ಶೇಷ ಪ್ರಮೇಯ ಹೇಳುವುದೇನು?

f(x) ಎಂಬ ಬಹುಪದೋಕ್ತಿಯನ್ನು (x − a) ಎಂಬ ಭಾಜಕದಿಂದ ಭಾಗಿಸಿದಾಗ ಉಳಿಯುವ ಶೇಷವು f(a) ಗೆ ಸಮ. ಇದಕ್ಕೆ ಕಾರಣವೂ ಸರಳವಾಗಿದೆ. ಶೇಷದ ಘಾತವು ಭಾಜಕದ ಘಾತಕ್ಕಿಂತ ಕಡಿಮೆ ಇರಬೇಕು. ಭಾಜಕದ ಘಾತ ಒಂದೇ ಆಗಿರುವುದರಿಂದ ಶೇಷದಲ್ಲಿ x ಇರಲು ಸಾಧ್ಯವಿಲ್ಲ, ಅದು ಕೇವಲ ಒಂದು ಸಂಖ್ಯೆ. ಆದ್ದರಿಂದ ಭಾಗಲಬ್ಧವನ್ನು q(x) ಎಂದೂ ಶೇಷವನ್ನು r ಎಂದೂ ಕರೆದು ಹೀಗೆ ಬರೆಯಬಹುದು:

```
f(x) = (x − a) · q(x) + r
```

ಈ ಸಮತೆ x ನ ಎಲ್ಲ ಬೆಲೆಗಳಿಗೂ ನಿಜವಾಗಿರುವುದರಿಂದ x = a ಎಂದು ಆದೇಶಿಸುವ ಸ್ವಾತಂತ್ರ್ಯ ನಮಗಿದೆ. ಹಾಗೆ ಮಾಡಿದಾಗ ಆವರಣ ಸೊನ್ನೆಯಾಗುತ್ತದೆ, q(x) ಏನೇ ಆಗಿದ್ದರೂ ಅದು ಅಳಿದುಹೋಗುತ್ತದೆ, ಉಳಿಯುವುದು f(a) = r ಮಾತ್ರ. ಈ f(a) ಸೊನ್ನೆಯಾಗಿದ್ದರೆ ಶೇಷವಿಲ್ಲವೆಂದೂ, (x − a) ಒಂದು ಅಪವರ್ತನವೆಂದೂ ತಿಳಿಯುತ್ತದೆ. ಅಪವರ್ತನ ಪ್ರಮೇಯ ಎಂದು ಕರೆಯುವುದು ಇದನ್ನೇ.

ಯಾವ ಬೆಲೆಗಳನ್ನು ಪರೀಕ್ಷಿಸಬೇಕು?

ಈಗ 2x³ − 3x² − 11x + 6 ಎಂಬ ಬಹುಪದೋಕ್ತಿಯನ್ನು ತೆಗೆದುಕೊಳ್ಳೋಣ. ಇದನ್ನು ಸೊನ್ನೆಯಾಗಿಸುವ ಪೂರ್ಣಾಂಕ a ಒಂದಿದೆ ಎಂದುಕೊಂಡರೆ a(2a² − 3a − 11) = −6 ಆಗಬೇಕು. ಎಡಗಡೆ ಇರುವುದು a ಯ ಗುಣಲಬ್ಧ. ಆದ್ದರಿಂದ a ಎಂಬುದು 6 ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯೇ ಆಗಿರಬೇಕು. ಅಂದರೆ ಧನ ಅಥವಾ ಋಣ ಚಿಹ್ನೆಯ 1, 2, 3, 6 ಇವಿಷ್ಟನ್ನೇ ನೋಡಿದರೆ ಸಾಕು. 4, 5, 7 ಮುಂತಾದವುಗಳ ಗೊಡವೆಗೆ ಹೋಗಬೇಕಿಲ್ಲ. ಮೊದಲ ಪದದ ಸಹಗುಣಕ 2 ಆಗಿರುವುದರಿಂದ ಛೇದದಲ್ಲಿ 2 ಇರುವ 1/2, 3/2 ಎಂಬ ಭಿನ್ನರಾಶಿಗಳೂ ಎರಡು ಚಿಹ್ನೆಗಳೊಡನೆ ಈ ಪಟ್ಟಿಗೆ ಸೇರುತ್ತವೆ. ಮೊದಲ ಸಹಗುಣಕ 1 ಆಗಿದ್ದರೆ ಭಿನ್ನರಾಶಿಗಳ ಪ್ರಶ್ನೆಯೇ ಬರುವುದಿಲ್ಲ.

x = 1 ಎಂದಾಗ 2 − 3 − 11 + 6 = −6 ಬರುತ್ತದೆ. x = −2 ಎಂದಾಗ −16 − 12 + 22 + 6 = 0 ಬರುತ್ತದೆ. ಆದ್ದರಿಂದ (x + 2) ಒಂದು ಅಪವರ್ತನ.

ಸಹಗುಣಕಗಳಿಂದಲೇ ಭಾಗಾಕಾರ

ಇನ್ನು ಭಾಗಿಸಬೇಕು. ದೀರ್ಘ ಭಾಗಾಕಾರದಲ್ಲಿ ಪ್ರತಿ ಸಾಲಿನಲ್ಲೂ x ನ ಘಾತಗಳನ್ನು ಬರೆಯುತ್ತ, ಚಿಹ್ನೆಗಳನ್ನು ತಿರುಗಿಸುತ್ತ ಸಾಗಬೇಕು. ಘಾತಗಳ ಸ್ಥಾನ ಮೊದಲೇ ಗೊತ್ತಿರುವುದರಿಂದ ಅವನ್ನು ಮತ್ತೆ ಮತ್ತೆ ಬರೆಯುವ ಅಗತ್ಯವಿಲ್ಲ, ಸಹಗುಣಕಗಳು ಸಾಕು. ಹೀಗೆ ಭಾಗಿಸುವುದೇ ಸಂಶ್ಲೇಷಿತ ಭಾಗಾಕಾರ. ಇಟಲಿಯ ಪಾವ್ಲೊ ರುಫಿನಿ 1804ರಲ್ಲಿಯೂ ಇಂಗ್ಲೆಂಡಿನ ವಿಲಿಯಂ ಜಾರ್ಜ್ ಹಾರ್ನರ್ 1819ರಲ್ಲಿಯೂ ಇಂಥ ಲೆಕ್ಕದ ಕ್ರಮವನ್ನು ಮುಂದಿಟ್ಟರು.

ಭಾಜಕ (x + 2) ಆಗಿರುವುದರಿಂದ ಅದನ್ನು ಸೊನ್ನೆಯಾಗಿಸುವ −2 ನ್ನು ಎಡಗಡೆ ಬರೆಯಬೇಕು. ಸಹಗುಣಕಗಳನ್ನು ಚಿಹ್ನೆಯೊಡನೆ ಮೇಲಿನ ಸಾಲಿನಲ್ಲಿ ಇಡಬೇಕು. ಮೊದಲ ಸಹಗುಣಕವಾದ 2 ನ್ನು ಹಾಗೆಯೇ ಕೆಳಗಿಳಿಸಿ, ಅದನ್ನು −2 ರಿಂದ ಗುಣಿಸಿ, ಬಂದ −4 ನ್ನು ಮುಂದಿನ ಸಹಗುಣಕದ ಕೆಳಗೆ ಬರೆದು ಕೂಡಿಸಬೇಕು. ಬಂದ −7 ನ್ನು ಮತ್ತೆ −2 ರಿಂದ ಗುಣಿಸಿ ಮುಂದಿನ ಸ್ಥಾನದಲ್ಲಿ ಕೂಡಿಸಬೇಕು. ಸಾಲು ಮುಗಿಯುವವರೆಗೂ ಇದೇ ಕೆಲಸ.

```
-2 |  2   -3   -11    6
   |      -4    14   -6
   ---------------------
      2   -7     3    0
```

ಕೊನೆಯ ಸಂಖ್ಯೆ ಶೇಷ, ಅದು 0. ಉಳಿದ 2, −7, 3 ಭಾಗಲಬ್ಧದ ಸಹಗುಣಕಗಳು. ಘಾತ ಒಂದು ಕಡಿಮೆಯಾಗುವುದರಿಂದ ಭಾಗಲಬ್ಧ 2x² − 7x + 3. ಇದರ ಮಧ್ಯಪದವನ್ನು −6x − x ಎಂದು ಒಡೆದರೆ (2x − 1)(x − 3) ಸಿಗುತ್ತದೆ. ಆದ್ದರಿಂದ

```
2x³ − 3x² − 11x + 6 = (x + 2)(2x − 1)(x − 3)
```

ಉತ್ತರವನ್ನು ತಾಳೆ ನೋಡಲು ಎಲ್ಲವನ್ನೂ ಮತ್ತೆ ಗುಣಿಸುತ್ತ ಕೂರಬೇಕಿಲ್ಲ. x = 10 ಎಂದು ಎರಡೂ ಕಡೆ ಆದೇಶಿಸಿದರೆ ಎಡಗಡೆ 2000 − 300 − 110 + 6 = 1596, ಬಲಗಡೆ 12 × 19 × 7 = 1596. ಎರಡೂ ಕಡೆಯ ಘಾತ ಒಂದೇ ಇದ್ದು, ಹತ್ತರಂಥ ಬೆಲೆಗೆ ಸಂಖ್ಯೆಗಳು ಕೂಡಿಬಂದರೆ ಸಾಮಾನ್ಯವಾಗಿ ಮಾಡುವ ತಪ್ಪುಗಳು ಆಗಿಲ್ಲವೆಂದು ತಿಳಿಯಬಹುದು.

ಕೊನೆಯ ಸಂಖ್ಯೆ f(a) ಆಗುವುದೇಕೆ?

ಮೇಲಿನ ಬಹುಪದೋಕ್ತಿಯಿಂದ x ನ್ನು ಹಂತಹಂತವಾಗಿ ಹೊರತೆಗೆದು ಬರೆದರೆ ಅದು ಹೀಗೆ ಕಾಣುತ್ತದೆ:

```
((2x − 3)x − 11)x + 6
```

ಇಲ್ಲಿ x = −2 ಎಂದು ಒಳಗಿನ ಆವರಣದಿಂದ ಲೆಕ್ಕ ಮಾಡುತ್ತ ಬನ್ನಿ. 2 ನ್ನು −2 ರಿಂದ ಗುಣಿಸಿ −3 ನ್ನು ಕೂಡಿಸಿದರೆ −7. ಅದನ್ನು −2 ರಿಂದ ಗುಣಿಸಿ −11 ನ್ನು ಕೂಡಿಸಿದರೆ 3. ಅದನ್ನು −2 ರಿಂದ ಗುಣಿಸಿ 6 ನ್ನು ಕೂಡಿಸಿದರೆ 0. ಭಾಗಾಕಾರದ ಕೆಳಸಾಲಿನಲ್ಲಿ ಬಂದ ಸಂಖ್ಯೆಗಳೇ ಇವು. ಅಂದರೆ ಸಂಶ್ಲೇಷಿತ ಭಾಗಾಕಾರ ಮಾಡುವಾಗ ನಾವು f(a) ನ್ನೇ ಲೆಕ್ಕ ಹಾಕುತ್ತಿರುತ್ತೇವೆ, ಭಾಗಲಬ್ಧ ದಾರಿಯಲ್ಲೇ ದೊರಕುತ್ತದೆ. ಹೀಗಾಗಿ ಮೊದಲು ಆದೇಶಿಸಿ ಪರೀಕ್ಷಿಸುವುದು, ಆಮೇಲೆ ಭಾಗಿಸುವುದು ಎಂಬ ಎರಡು ಕೆಲಸಗಳ ಬದಲು ನೇರವಾಗಿ ಕೋಷ್ಟಕವನ್ನೇ ಬರೆಯುವುದು ಒಳ್ಳೆಯದು. ಕೊನೆಯಲ್ಲಿ ಸೊನ್ನೆ ಬಂದರೆ ಭಾಗಾಕಾರವೂ ಮುಗಿದಿರುತ್ತದೆ. ಬಾರದಿದ್ದರೆ ಒಂದು ಸಾಲು ಹೊಡೆದುಹಾಕಿದರೆ ಆಯಿತು.

ಎಲ್ಲಿ ತಪ್ಪುತ್ತದೆ?

ಚಿಹ್ನೆಯ ತಪ್ಪು ತಾನಾಗಿಯೇ ಗೊತ್ತಾಗಿಬಿಡುತ್ತದೆ. (x + 2) ರಿಂದ ಭಾಗಿಸುವಾಗ −2 ರ ಬದಲು 2 ಬರೆದರೆ ಕೊನೆಯಲ್ಲಿ −12 ಬರುತ್ತದೆ, ಲೆಕ್ಕ ನಿಲ್ಲುತ್ತದೆ. ಗುಟ್ಟಾಗಿ ಉಳಿದುಬಿಡುವ ತಪ್ಪುಗಳು ಬೇರೆ ಇವೆ, ಅವುಗಳಲ್ಲಿ ಎರಡನ್ನು ವಿವರವಾಗಿ ನೋಡಬೇಕು.

ಮೊದಲನೆಯದು ಪದ ಬಿಟ್ಟುಹೋದಾಗ ಆಗುವುದು. x³ − 7x + 6 ರಲ್ಲಿ x² ಪದವಿಲ್ಲ, ಅದರ ಸ್ಥಾನದಲ್ಲಿ 0 ಬರೆಯಬೇಕು. ಅದನ್ನು ಮರೆತು 1, −7, 6 ಎಂದಷ್ಟೇ ಬರೆದು 1 ರಿಂದ ಲೆಕ್ಕ ಮಾಡಿದರೆ ಕೆಳಸಾಲಿನಲ್ಲಿ 1, −6, 0 ಬರುತ್ತದೆ. ಶೇಷ ಸೊನ್ನೆಯೇ ಬಂದಿರುವುದರಿಂದ ವಿದ್ಯಾರ್ಥಿ ನಿಶ್ಚಿಂತನಾಗುತ್ತಾನೆ, ಆದರೆ ಭಾಗಲಬ್ಧ ಪೂರ್ತಿ ತಪ್ಪು. x = 1 ಆದಾಗ ಶೇಷವೆಂದರೆ ಸಹಗುಣಕಗಳ ಮೊತ್ತ; ಸೊನ್ನೆಯನ್ನು ಬರೆದರೂ ಬಿಟ್ಟರೂ ಆ ಮೊತ್ತ ಬದಲಾಗದಿರುವುದೇ ಇದಕ್ಕೆ ಕಾರಣ. ಘನ ಬಹುಪದೋಕ್ತಿಯಾದರೆ ಮೇಲಿನ ಸಾಲಿನಲ್ಲಿ ನಾಲ್ಕು ಸಂಖ್ಯೆಗಳಿವೆಯೇ ಎಂದು ಎಣಿಸಿ ನೋಡುವುದೇ ಇದಕ್ಕೆ ಪರಿಹಾರ. ಸರಿಯಾಗಿ ಬರೆದರೆ ಕೆಳಸಾಲಿನಲ್ಲಿ 1, 1, −6, 0 ಬರುತ್ತದೆ. ಭಾಗಲಬ್ಧ x² + x − 6, ಅಪವರ್ತನಗಳು (x − 1)(x + 3)(x − 2).

ಎರಡನೆಯದು (2x − 1) ರಂಥ ಭಾಜಕದ್ದು. ಅದನ್ನು ಸೊನ್ನೆಯಾಗಿಸುವ 1/2 ನ್ನು ಇಟ್ಟು ಮೊದಲ ಉದಾಹರಣೆಯನ್ನೇ ಭಾಗಿಸಿದರೆ 2, −2, −12, 0 ಬರುತ್ತದೆ. ಇದನ್ನು ನೋಡಿ (2x − 1)(2x² − 2x − 12) ಎಂದು ಬರೆಯುವವರು ಬಹಳ. ಕೋಷ್ಟಕ ಭಾಗಿಸಿದ್ದು (x − 1/2) ರಿಂದ, (2x − 1) ರಿಂದ ಅಲ್ಲ. ಭಾಜಕ ಎರಡು ಪಟ್ಟಾದರೆ ಭಾಗಲಬ್ಧ ಅರ್ಧವಾಗಬೇಕು, ಹಾಗಾಗಿ ಸರಿಯಾದ ಭಾಗಲಬ್ಧ x² − x − 6. ಆವರಣಗಳ ಮೊದಲ ಪದಗಳನ್ನು ಗುಣಿಸಿದಾಗ 2x³ ಬರಬೇಕಾದಲ್ಲಿ 4x³ ಬಂದರೆ ಈ ತಪ್ಪಾಗಿದೆ ಎಂದು ತಿಳಿಯಬೇಕು.

ತೊಟ್ಟಿಯ ಲೆಕ್ಕ ಮತ್ತು ಕ್ರಮದ ಮಿತಿ

ಗಂಗಾವತಿ ಕಡೆಯ ರೈತರೊಬ್ಬರು ದನಗಳಿಗೆ ನೀರಿನ ತೊಟ್ಟಿ ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ಒಳಅಳತೆಯಲ್ಲಿ ಅಗಲವು ಆಳಕ್ಕಿಂತ 2 ಅಡಿ, ಉದ್ದವು ಆಳಕ್ಕಿಂತ 5 ಅಡಿ ಹೆಚ್ಚಿರಬೇಕು, ತೊಟ್ಟಿಯಲ್ಲಿ 120 ಘನ ಅಡಿ, ಅಂದರೆ ಸುಮಾರು 3,400 ಲೀಟರ್ ನೀರು ಹಿಡಿಯಬೇಕು. ಗೌಂಡಿಗೆ ಬೇಕಾಗಿರುವುದು ಆಳ. ಅದನ್ನು x ಎಂದರೆ x(x + 2)(x + 5) = 120, ಅಂದರೆ x³ + 7x² + 10x − 120 = 0. ಆಳ ಋಣವಾಗಲಾರದು, ಆದ್ದರಿಂದ 120 ರ ಧನ ಅಪವರ್ತನಗಳನ್ನು ಮಾತ್ರ ನೋಡಬೇಕು. 1 ಕ್ಕೆ ಶೇಷ −102, 2 ಕ್ಕೆ −64. ಶೇಷ ಸೊನ್ನೆಯತ್ತ ಏರುತ್ತಿದೆ, 3 ನ್ನು ಇಟ್ಟು ನೋಡೋಣ.

```
3 |  1    7   10   -120
  |       3   30    120
  ----------------------
     1   10   40      0
```

ಉಳಿದದ್ದು x² + 10x + 40. ಇದರ ಶೋಧಕ 100 − 160 = −60, ಋಣ. ಆದ್ದರಿಂದ ಇದು ವಾಸ್ತವ ಸಂಖ್ಯೆಗಳಲ್ಲಿ ಮುಂದೆ ಒಡೆಯುವುದಿಲ್ಲ. (x − 3)(x² + 10x + 40) ಎಂಬುದೇ ಪೂರ್ಣ ಉತ್ತರ. ಪ್ರತಿ ಘನ ಬಹುಪದೋಕ್ತಿಗೂ ಮೂರು ಆವರಣಗಳು ಬರಲೇಬೇಕೆಂದು ಭಾವಿಸಿ ಇಲ್ಲಿ ಸುಮ್ಮನೆ ಹುಡುಕುತ್ತ ಕೂರಬಾರದು. ಆಳಕ್ಕೆ ಬೇರೆ ಬೆಲೆಯೇ ಇಲ್ಲವೆಂಬುದೂ ಇದರಿಂದ ಸಾಬೀತಾಗುತ್ತದೆ: ಆಳ 3, ಅಗಲ 5, ಉದ್ದ 8 ಅಡಿ.

ಅದೇ ತೊಟ್ಟಿ 121 ಘನ ಅಡಿಯದಾಗಬೇಕೆಂದರೆ ಸ್ಥಿರಪದ −121 ಆಗುತ್ತದೆ. ಪರೀಕ್ಷಿಸಬೇಕಾದವು 1, 11, 121 ಮಾತ್ರ. ಯಾವುದಕ್ಕೂ ಶೇಷ ಸೊನ್ನೆಯಾಗುವುದಿಲ್ಲ, ಋಣ ಚಿಹ್ನೆಯೊಡನೆಯೂ ಆಗುವುದಿಲ್ಲ. ಅಂದರೆ ಈ ಬಹುಪದೋಕ್ತಿಗೆ ಪೂರ್ಣಾಂಕ ಅಥವಾ ಭಿನ್ನರಾಶಿ ಸಹಗುಣಕಗಳುಳ್ಳ ರೇಖಾತ್ಮಕ ಅಪವರ್ತನವೇ ಇಲ್ಲ. ಹಾಗೆಂದು ಆಳವೇ ಇಲ್ಲವೆಂದಲ್ಲ. ಕೋಷ್ಟಕದಲ್ಲಿ 3 ನ್ನು ಇಟ್ಟರೆ ಶೇಷ −1, 3.1 ನ್ನು ಇಟ್ಟರೆ ಶೇಷ ಸುಮಾರು 7.06. ಚಿಹ್ನೆ ಬದಲಾಗಿರುವುದರಿಂದ ಬೇಕಾದ ಆಳ ಇವೆರಡರ ನಡುವೆ, 3 ಕ್ಕೆ ತೀರ ಹತ್ತಿರ ಇದೆ. 3.01 ಕ್ಕೆ ಶೇಷ ಇನ್ನೂ ಋಣ, 3.02 ಕ್ಕೆ ಧನ. ಅಪವರ್ತಿಸಲು ಆಗದ ಈ ಬಹುಪದೋಕ್ತಿಗೂ ಅದೇ ಕೋಷ್ಟಕದ ಕೊನೆಯ ಸಂಖ್ಯೆಯನ್ನು ನೋಡುತ್ತ ಹೋದರೆ, ಗೌಂಡಿಗೆ ಬೇಕಾದಷ್ಟು ನಿಖರವಾದ ಅಳತೆ ಸಿಗುತ್ತದೆ.