ಯಾರ ಗ್ರಹ, ಯಾರ ಮನೆ: ಸಿನಾಸ್ಟ್ರಿ ಓವರ್‌ಲೇ ನಾನು ನೋಡುವ ರೀತಿ

ಸಿನಾಸ್ಟ್ರಿಗೆ, ಅಂದರೆ ಹೊಂದಾಣಿಕೆ ನೋಡಲು, ಇಬ್ಬರ ಜಾತಕ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ: ಹುಟ್ಟಿದ ಸಮಯ ಯಾರದ್ದು ಗಟ್ಟಿ? ಹೆಚ್ಚಿನವರು ದೃಷ್ಟಿಗಳಿಂದ ಶುರು ಮಾಡುತ್ತಾರೆ, ಅದು ತಪ್ಪಲ್ಲ. ಆದರೆ ಮನೆಗಳ ಓವರ್‌ಲೇ, ಅಂದರೆ ಒಬ್ಬರ ಗ್ರಹಗಳನ್ನು ಇನ್ನೊಬ್ಬರ ಜಾತಕದ ಮನೆಗಳಲ್ಲಿಟ್ಟು ನೋಡುವುದು, ಪೂರ್ತಿ ನಿಂತಿರುವುದು ಸಮಯದ ಮೇಲೆ, ಅದೂ ಮನೆ ಯಾರದ್ದೋ ಅವರ ಸಮಯದ ಮೇಲೆ. ಗ್ರಹ ಕೊಟ್ಟವರ ಸಮಯ ಒಂದಿಷ್ಟು ಆಚೀಚೆ ಆದರೂ ಚಂದ್ರನನ್ನು ಬಿಟ್ಟು ಉಳಿದವು ಹೆಚ್ಚು ಕದಲುವುದಿಲ್ಲ.

ಇದನ್ನು ಹೇಳಿಕೊಡುವಾಗ ನಾನು ಬ್ರಿಟನ್ ರಾಜಮನೆತನದ ಚಾರ್ಲ್ಸ್ ಮತ್ತು ಡಯಾನಾ ಜಾತಕಗಳನ್ನೇ ತೆಗೆದುಕೊಳ್ಳುತ್ತೇನೆ. ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14, ಲಂಡನ್, ರಾತ್ರಿ 9:14. ಡಯಾನಾ 1961ರ ಜುಲೈ 1, ಸ್ಯಾಂಡ್ರಿಂಗ್‌ಹ್ಯಾಮ್, ಸಂಜೆ 7:45. ಡಯಾನಾಗೆ ಮಧ್ಯಾಹ್ನ 2 ಗಂಟೆ ಅನ್ನುವ ಇನ್ನೊಂದು ಸಮಯವೂ ಓಡಾಡಿದೆ. ಅದಕ್ಕೇ ಈ ಜೋಡಿ ಪಾಠಕ್ಕೆ ಒಳ್ಳೆಯದು.

ಕಾಗದದ ಮೇಲೆ ಚಾರ್ಲ್ಸ್‌ನ ಹನ್ನೆರಡು ಮನೆಗಳ ಕಸ್ಪ್, ಅಂದರೆ ಪ್ರತಿ ಮನೆ ಶುರುವಾಗುವ ಡಿಗ್ರಿ, ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ಡಯಾನಾಳ ಗ್ರಹಗಳು. ಚಾರ್ಲ್ಸ್‌ನ ಲಗ್ನ ಸಿಂಹದ 5 ಡಿಗ್ರಿ. ಹುಟ್ಟಿದ ಸಮಯ, ಊರು ನೋಡಿ ಮನೆ ಭಾಗಿಸುವ ಪ್ಲ್ಯಾಸಿಡಸ್ ಪದ್ಧತಿಯಲ್ಲಿ 12ನೇ ಮನೆ ಶುರುವಾಗುವುದು ಕರ್ಕದ 4ನೇ ಡಿಗ್ರಿ ಹತ್ತಿರ. ಡಯಾನಾಳ ಸೂರ್ಯ ಕರ್ಕದ 9 ಡಿಗ್ರಿ 40 ನಿಮಿಷದಲ್ಲಿ, ಅಂದರೆ 12ನೇ ಮನೆಯ ಒಳಗೆ. ಒಂದು ರಾಶಿಯೇ ಒಂದು ಮನೆ ಅನ್ನುವ ಹೋಲ್ ಸೈನ್ ಹಾಕಿದರೂ ಅಲ್ಲೇ. ಎರಡೂ ಪದ್ಧತಿ ಒಪ್ಪಿದ್ದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಅವಳ ಬುಧ ಹಾಗಲ್ಲ. ಕರ್ಕದ 3 ಡಿಗ್ರಿಯಲ್ಲಿ, ಕಸ್ಪ್‌ಗೆ ಒಂದು ಡಿಗ್ರಿಯೂ ಇಲ್ಲದ ದೂರದಲ್ಲಿ ಕೂತಿದ್ದಾನೆ. ಚಾರ್ಲ್ಸ್‌ನ ಸಮಯ ಕೆಲವೇ ನಿಮಿಷ ಬದಲಾದರೆ 11 ಹೋಗಿ 12 ಆಗಿಬಿಡುತ್ತದೆ. ಇಂಥದ್ದರ ಮೇಲೆ ನಾನು ಮಾತು ಕಟ್ಟುವುದಿಲ್ಲ.

ಗುರುವಿನದು ಇನ್ನೊಂದು ಬಗೆ. ಡಯಾನಾಳ ಗುರು ಕುಂಭದ 5 ಡಿಗ್ರಿಯಲ್ಲಿ, ಚಾರ್ಲ್ಸ್‌ನ 7ನೇ ಕಸ್ಪ್‌ನ ಮೇಲೇ ಇದ್ದಾನೆ. ಕೂದಲೆಳೆಯಷ್ಟು ಹಿಂದಿರುವುದರಿಂದ ಸಾಫ್ಟ್‌ವೇರ್ ‘6ನೇ ಮನೆ’ ಅನ್ನುತ್ತದೆ. ನಾನು 7 ಎಂದೇ ಓದುತ್ತೇನೆ. 1, 4, 7, 10ರ ಕಸ್ಪ್‌ನಿಂದ ನಾಲ್ಕೈದು ಡಿಗ್ರಿ ಒಳಗಿರುವ ಗ್ರಹ ನನ್ನ ಲೆಕ್ಕದಲ್ಲಿ ಆ ಕೋನಕ್ಕೇ ಸೇರಿದ್ದು, ಪಟ್ಟಿ ಏನೇ ಹೇಳಲಿ.

ಈಗ ತಿರುಗಿಸಿ ನೋಡಬೇಕು. ಇಲ್ಲೇ ತುಂಬಾ ಜನ ನಿಲ್ಲಿಸಿಬಿಡುತ್ತಾರೆ, ಆದರೆ ಅರ್ಧ ಕಥೆ ಇರುವುದೇ ಇಲ್ಲಿ ಅಲ್ವಾ. ಡಯಾನಾಳ ಲಗ್ನ ಧನುವಿನ 18 ಡಿಗ್ರಿ. ಚಾರ್ಲ್ಸ್‌ನ ಮಂಗಳ ಧನುವಿನ 21ರ ಹತ್ತಿರ, ಸೀದಾ ಅವಳ 1ನೇ ಮನೆಗೆ ಬಂದು ಕೂರುತ್ತಾನೆ. ಚಾರ್ಲ್ಸ್‌ನ ಗುರುವೂ ಅದೇ ಮನೆಯಲ್ಲಿ.

ಓವರ್‌ಲೇ ನನಗೆ ಹೇಳುವುದು ಇಷ್ಟು: ಮನೆ ಯಾರದ್ದೋ ಅವರ ಬದುಕಿನ ಯಾವ ಭಾಗಕ್ಕೆ ಇನ್ನೊಬ್ಬರು ತಾಗುತ್ತಾರೆ. ಅನುಭವ ಜಾಸ್ತಿ ಆಗುವುದು ಮನೆ ಯಾರದ್ದೋ ಅವರಿಗೇ. ಚಾರ್ಲ್ಸ್ ಡಯಾನಾಳ ಜಗಲಿಯಲ್ಲೇ ಕೂತವನು, ಅವಳು ಅವನ ಹಿಂದಿನ ಕತ್ತಲೆ ಕೋಣೆಯಲ್ಲಿ ಇದ್ದವಳು. ಅವನ ರಭಸ, ಕೋಪ, ಉತ್ಸಾಹ ಎಲ್ಲ ಅವಳ ಮೈಗೇ ತಟ್ಟುತ್ತದೆ, ಮುಚ್ಚಿಡಲು ಜಾಗ ಇಲ್ಲ. ಅವಳ ಸೂರ್ಯ, ಅಂದರೆ ಅವಳ ‘ನಾನು’, ಅವನಿಗೆ ಸರಿಯಾಗಿ ಕಾಣದ ಕಡೆ ಇದೆ. ಅವಳ ಸ್ವಂತ ಜಾತಕದಲ್ಲಿ ಅದೇ ಸೂರ್ಯ 7ನೇ ಮನೆಯಲ್ಲಿದ್ದಾನೆ, ಸಂಗಾತಿ ತನ್ನನ್ನು ನೋಡಲೇಬೇಕು ಅನ್ನುವ ಜಾಗ. ಆದ್ದರಿಂದ ಆ 12 ಇನ್ನಷ್ಟು ಭಾರವಾಗುತ್ತದೆ. ಸ್ವಂತ ಜಾತಕದಲ್ಲಿ ಆ ಗ್ರಹ ಏನು ಬೇಡುತ್ತಿದೆ ಎಂದು ನೋಡದೆ ಓವರ್‌ಲೇ ಓದುವುದು ನನಗೆ ಒಪ್ಪಿಗೆ ಇಲ್ಲ.

ಇನ್ನು ಆ ಮಧ್ಯಾಹ್ನ 2 ಗಂಟೆಯನ್ನು ಹಾಕಿ ನೋಡಿ. ಡಯಾನಾಳ ಲಗ್ನ ತುಲಾಕ್ಕೆ ಹೋಗುತ್ತದೆ. ಚಾರ್ಲ್ಸ್‌ನ ಮಂಗಳ 1ನೇ ಮನೆ ಬಿಟ್ಟು ಹೋದ, ಆ ಓದು ಪೂರ್ತಿ ಬಿದ್ದುಹೋಯಿತು. ಆದರೆ ಅವಳ ಸೂರ್ಯ ಅವನ 12ರಲ್ಲೇ ಇದ್ದಾನೆ, ಗುರು 7ರ ಕಸ್ಪ್‌ನಲ್ಲೇ ಇದ್ದಾನೆ. ಚಂದ್ರ ಮಾತ್ರ ಸುಮಾರು ಮೂರು ಡಿಗ್ರಿ ಹಿಂದೆ ಸರಿದು, ಚಾರ್ಲ್ಸ್‌ನ 8ನೇ ಕಸ್ಪ್ ಹತ್ತಿರ ಗಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಹಾಗಾಗಿ ಒಬ್ಬರ ಸಮಯ ಗೊತ್ತಿಲ್ಲ ಎಂದು ಯಾರಾದರೂ ಬಂದರೆ ನಾನು ವಾಪಸ್ ಕಳಿಸುವುದಿಲ್ಲ. ಸಮಯ ಗೊತ್ತಿರುವವರ ಮನೆಗಳಲ್ಲಿ ಇನ್ನೊಬ್ಬರ ಗ್ರಹ ಇಟ್ಟು ಓದುತ್ತೇನೆ, ಚಂದ್ರನನ್ನು ಪಕ್ಕಕ್ಕಿಡುತ್ತೇನೆ, ಇನ್ನೊಂದು ಕಡೆಯ ಬಗ್ಗೆ ಸುಮ್ನೆ ಏನೂ ಹೇಳುವುದಿಲ್ಲ.

ನಮ್ಮವರು ಕೇಳುವ ಪ್ರಶ್ನೆ ಒಂದಿದೆ: ಅಯನಾಂಶ, ಅಂದರೆ ಪಾಶ್ಚಾತ್ಯ ಮತ್ತು ನಮ್ಮ ರಾಶಿಚಕ್ರಗಳ ನಡುವಿನ ವ್ಯತ್ಯಾಸ, ಕಳೆದರೆ ಎಲ್ಲ ಬದಲಾಗಲ್ವಾ? ಪ್ಲ್ಯಾಸಿಡಸ್‌ನಲ್ಲಿ ಇಲ್ಲ. ಕಸ್ಪ್, ಗ್ರಹ ಎರಡೂ ಒಟ್ಟಿಗೆ ಸರಿಯುವುದರಿಂದ ಮನೆ ಅದೇ ಉಳಿಯುತ್ತದೆ, ಗಡಿಯಲ್ಲಿ ಕೂತವುಗಳದ್ದೂ. ಹೋಲ್ ಸೈನ್‌ನಲ್ಲಿ ಮಾತ್ರ ಬದಲಾಗಬಹುದು.

1981ರಲ್ಲಿ ಮದುವೆ, 1996ರಲ್ಲಿ ವಿಚ್ಛೇದನ ಎಂದು ಗೊತ್ತಿದ್ದು ಈ ಜಾತಕ ಓದುತ್ತಿದ್ದೇವೆ. ಗೊತ್ತಿರುವ ಕಥೆಗೆ ಗ್ರಹ ಹೊಂದಿಸುವುದು ಸುಲಭ. ಅದಕ್ಕೇ ಗುರುತಿಲ್ಲದ ಜೋಡಿ ಬಂದಾಗ ಅವರ ಮಾತು ಕೇಳುವ ಮೊದಲೇ ನನ್ನ ಓದನ್ನು ಬರೆದಿಡುತ್ತೇನೆ, ಆಮೇಲೆ ಕೇಳುತ್ತೇನೆ.