ಕೆಲಸ ಬಿಟ್ಟಾಗ ಬರಬೇಕಾದ ಗ್ರಾಚ್ಯುಟಿ: ಪಗಾರ ಚೀಟಿಯಿಂದ ಲೆಕ್ಕ ಹಾಕುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಬಿಡುವವರ ಲೆಕ್ಕ ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಬ್ಯಾಂಕಿಗೆ ಜಮೆಯಾದ ಮೊತ್ತವನ್ನೇ ಪಗಾರವೆಂದು ಹಿಡಿಯುತ್ತಾರೆ, ಇಲ್ಲವೇ ಮೂಲ ವೇತನವೊಂದನ್ನೇ ನೋಡಿ ಸುಮ್ಮನಾಗುತ್ತಾರೆ.

ಮೊದಲು ಕೊನೆಯ ತಿಂಗಳ ಚೀಟಿ ತೆಗೆಯಿರಿ. ಅದರಲ್ಲಿ ನಿಗದಿತ ದರ, ಆ ತಿಂಗಳ ಗಳಿಕೆ ಎಂದು ಎರಡು ಸಾಲುಗಳಿದ್ದರೆ ದರವನ್ನೇ ಹಿಡಿಯಿರಿ. ಸಂಬಳವಿಲ್ಲದ ರಜೆಯಿಂದ ಗಳಿಕೆ ಇಳಿದಿರಬಹುದು.

ಈಗ ಕಷ್ಟದ ಭಾಗ. ಒಂದು ಕಾಲ್ಪನಿಕ ಚೀಟಿ: ಮೂಲ ವೇತನ 13,000, ತುಟ್ಟಿಭತ್ಯೆ 2,600, ಮನೆ ಬಾಡಿಗೆ ಭತ್ಯೆ 14,000, ಸಾರಿಗೆ ಭತ್ಯೆ 6,800. ಒಟ್ಟು 36,400 ರೂಪಾಯಿ. ಮನೆ ಬಾಡಿಗೆ, ಸಾರಿಗೆ ಭತ್ಯೆಗಳು ಗ್ರಾಚ್ಯುಟಿಯ ವೇತನಕ್ಕೆ ಸೇರುವುದಿಲ್ಲ. ಆದರೆ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಯ ಪ್ರಕಾರ, ಹೀಗೆ ಹೊರಗಿಡುವ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮತ್ತೆ ವೇತನಕ್ಕೇ ಸೇರಿಸಬೇಕು. ಇಲ್ಲಿ ಹೊರಗಿಟ್ಟದ್ದು 20,800, ಅರ್ಧವೆಂದರೆ 18,200. ಹೆಚ್ಚುವರಿ 2,600 ಸೇರಿ ವೇತನ 18,200 ಆಗುತ್ತದೆ. ಭತ್ಯೆಗಳನ್ನು ಉಬ್ಬಿಸಿ ಮೂಲ ವೇತನ ಕುಗ್ಗಿಸಿದ ಚೀಟಿಗಳಲ್ಲೆಲ್ಲ ಈ ಹೆಜ್ಜೆಯೇ ಹಣ ತರುತ್ತದೆ. ಬರೀ ‘ತಿಂಗಳ ಸಂಬಳ ಎಷ್ಟು’ ಎಂದು ಕೇಳಿ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳಿಗೆ ಇದು ತಿಳಿಯುವುದಿಲ್ಲ. ಅವನ್ನು ನಂಬಬೇಡಿ, ಕಾಗದ ಪೆನ್ನು ಸಾಕು.

ಭಾಗಿಸಬೇಕಾದದ್ದು 26ರಿಂದ, 30ರಿಂದಲ್ಲ. 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700, ಹದಿನೈದು ದಿನಕ್ಕೆ 10,500. ಇದು ಒಂದು ವರ್ಷದ ಸೇವೆಯ ಗ್ರಾಚ್ಯುಟಿ.

ಸೇವಾ ವರ್ಷ: 2014ರ ಜೂನ್ 10ರಂದು ಸೇರಿ 2026ರ ಫೆಬ್ರುವರಿ 28ರಂದು ಬಿಟ್ಟರೆ ಹನ್ನೊಂದು ವರ್ಷ ಎಂಟು ತಿಂಗಳು ದಾಟುತ್ತದೆ. ಕೊನೆಯ ತುಂಡು ಆರು ತಿಂಗಳು ಮೀರಿದ್ದರಿಂದ ಹನ್ನೆರಡು ವರ್ಷವೆಂದೇ ಎಣಿಕೆ. ಮೊತ್ತ 1,26,000 ರೂಪಾಯಿ. ಮೂಲ ವೇತನವೊಂದನ್ನೇ ಹಿಡಿದು ಹನ್ನೊಂದು ವರ್ಷವೆಂದು ಲೆಕ್ಕ ಹಾಕಿದ್ದರೆ 82,500ಕ್ಕೇ ನಿಲ್ಲುತ್ತಿತ್ತು. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳ ಹಂಗಾಮಿ ಕಾರ್ಮಿಕರಿಗೆ ಮಾತ್ರ ಲೆಕ್ಕ ಬೇರೆ: ಒಂದು ಹಂಗಾಮಿಗೆ ಏಳು ದಿನದ ವೇತನ.

ರಜೆ ನಗದೀಕರಣಕ್ಕೆ ಉಳಿದ ಗಳಿಕೆ ರಜೆಯನ್ನಷ್ಟೇ ನೋಡಿ. ಸಾಂದರ್ಭಿಕ ರಜೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ದರ ಮತ್ತು ಭಾಜಕ ಎರಡಕ್ಕೂ ಸಂಸ್ಥೆಯ ಸೇವಾ ನಿಯಮ ಓದಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,600 ಎಂದು ಹಿಡಿದು, 38 ದಿನ ಉಳಿದಿದ್ದರೆ, 26ರ ಭಾಜಕಕ್ಕೆ 22,800, 30ರದಕ್ಕೆ 19,760 ರೂಪಾಯಿ. ಯಾವುದರಿಂದ ಭಾಗಿಸಿದ್ದಾರೆಂದು ಲೆಕ್ಕಪತ್ರ ವಿಭಾಗದಿಂದ ಲಿಖಿತವಾಗಿಯೇ ಪಡೆಯಿರಿ.

ಗ್ರಾಚ್ಯುಟಿ ಸಂದಾಯವಾಗಬೇಕಾದ ದಿನದಿಂದ ಮೂವತ್ತು ದಿನದೊಳಗೆ ಮಾಲೀಕರು ಕೊಡಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ.