ಅಪ್ಪ ಬರೆದ ಶುಲ್ಕದ ಕಾಗದದ ಕಥೆಯನ್ನು ನಾನು ಬರೆದ ಬಗೆ

ಮನೆಯಲ್ಲಿ ದುಡ್ಡಿಗೆ ತತ್ವಾರವಿದ್ದ ವರ್ಷಗಳನ್ನು ಬರೆಯಲು ಕುಳಿತಾಗ, ಎಲ್ಲವನ್ನೂ ಹೇಳುವ ಆಸೆ ಬಿಟ್ಟು ಒಂದೇ ಒಂದು ಕಾಗದವನ್ನು ಆರಿಸಿಕೊಂಡೆ. ಶಾಲೆಯ ಶುಲ್ಕ ಕಟ್ಟಲು ಇನ್ನಷ್ಟು ಸಮಯ ಕೊಡಿ ಎಂದು ಅಪ್ಪ ಬರೆದುಕೊಟ್ಟಿದ್ದ ಕಾಗದ ಅದು. ಕಷ್ಟಗಳ ಪಟ್ಟಿ ಬೆಳೆದಷ್ಟೂ ಅದರೊಳಗಿನ ಮನುಷ್ಯರು ಮಸುಕಾಗುತ್ತಾರೆ.

ಅಪ್ಪ ಮೊದಲು ಹಳೆಯ ಹಾಳೆಯೊಂದರ ಹಿಂಬದಿಯಲ್ಲಿ ಬರೆದರು. ‘ದಯವಿಟ್ಟು’ ಎರಡು ಕಡೆ ಬಂದಿದೆಯೆಂದು ಒಂದನ್ನು ಹೊಡೆದುಹಾಕಿದರು. ಆಮೇಲೆ ಬಿಳಿ ಹಾಳೆಯ ಅಡಿಗೆ ಗೆರೆ ಎಳೆದ ಹಾಳೆಯನ್ನಿಟ್ಟು, ಸಾಲು ಸೊಟ್ಟಗಾಗದಂತೆ ನಕಲು ಮಾಡಿದರು. ಬರಹದಲ್ಲಿ ಇಷ್ಟನ್ನೇ ಇಟ್ಟೆ. ಇದಾದ ಮೇಲೆ ‘ಅಪ್ಪ ಅಸಹಾಯಕರಾಗಿದ್ದರು’ ಎಂದು ಬರೆಯಲು ಜಾಗವೇ ಇರಲಿಲ್ಲ. ಎರಡನೆಯ ‘ದಯವಿಟ್ಟು’ವನ್ನು ಹೊಡೆದುಹಾಕುವ ಮನುಷ್ಯ ಅಸಹಾಯಕನಲ್ಲ.

ಕಷ್ಟವಾದದ್ದು ನನ್ನ ನಾಚಿಕೆಯನ್ನು ಬರೆಯುವುದು. ‘ನನಗೆ ಅವಮಾನವಾಯಿತು’ ಎಂದರೆ ಓದುಗರಿಗೆ ಏನೂ ಕಾಣುವುದಿಲ್ಲ. ಅವಮಾನ ನನ್ನಿಂದ ಏನೇನು ಮಾಡಿಸಿತು ಎಂದು ನೆನಪಿಸಿಕೊಂಡೆ. ಕಾಗದವನ್ನು ಪುಸ್ತಕದ ನಡುವೆ ಬಚ್ಚಿಟ್ಟಿದ್ದೆ. ಶುಲ್ಕ ಎಲ್ಲಿ ಎಂದು ಕೇಳಿದಾಗ, ಎಲ್ಲರೆದುರು ‘ಮರೆತು ಬಂದೆ’ ಎಂದಿದ್ದೆ; ದುಡ್ಡಿಲ್ಲದವರ ಮಗು ಅನ್ನಿಸಿಕೊಳ್ಳುವುದಕ್ಕಿಂತ ಮರೆಗುಳಿ ಅನ್ನಿಸಿಕೊಳ್ಳುವುದು ವಾಸಿಯಾಗಿತ್ತು. ತರಗತಿ ಖಾಲಿಯಾಗುವವರೆಗೂ ಚೀಲದಲ್ಲಿ ಏನೋ ಹುಡುಕುವವರಂತೆ ತಲೆ ತಗ್ಗಿಸಿದ್ದೆ. ಅವಮಾನ ಮಕ್ಕಳಿಗೆ ಎಂಥ ಚಾಲಾಕಿತನ ಕಲಿಸುತ್ತದೆ! ಈ ಉಪಾಯಗಳನ್ನು ಬರೆಯುವಾಗ ನನಗೆ ಸ್ವಲ್ಪ ನಗುವೂ ಬಂತು, ಅದನ್ನು ಅಳಿಸಲಿಲ್ಲ.

ಶಿಕ್ಷಕಿಯ ವಿಷಯದಲ್ಲಿ ಇನ್ನೂ ಎಚ್ಚರವಾಗಿದ್ದೆ. ಅವರು ಕಾಗದ ಓದಿ, ಮಡಿಸಿ, ಹಾಜರಿ ಪುಸ್ತಕದೊಳಗಿಟ್ಟು ‘ಸರಿ’ ಎಂದರು. ಅವರ ಕಣ್ಣಿನಲ್ಲಿ ತಾತ್ಸಾರ ಕಂಡಿತೆಂದು ಬರೆದಿದ್ದರೆ ದೃಶ್ಯಕ್ಕೆ ಖಾರ ಬರುತ್ತಿತ್ತು, ಆದರೆ ನಾನು ನೆಲ ನೋಡುತ್ತಿದ್ದೆ. ಹಾಗಾಗಿ ಅವರೇನು ಅಂದುಕೊಂಡಾರೋ ಎಂಬ ನನ್ನ ಭಯವನ್ನು ನನ್ನದಾಗಿಯೇ ಬರೆದೆ.

ನಾನು ಹಾಕಿಕೊಂಡ ಇನ್ನೊಂದು ಕಟ್ಟುಪಾಡು, ವಯಸ್ಸಿನದು. ಅಪ್ಪನ ರಾತ್ರಿಗಳು ಹೇಗಿದ್ದವೆಂದು ಇಂದು ನಾನು ಊಹಿಸಬಲ್ಲೆ. ಆ ಮರುಕವನ್ನು ಅಂದಿನ ಮಗುವಿನ ತಲೆಗೆ ತುಂಬಿದರೆ ಆ ಮಗು ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಅಂದು ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಬರಹದಲ್ಲಿ ಆ ಸಿಟ್ಟು ಇದೆ, ದೊಡ್ಡವಯಸ್ಸಿನ ಸಮಜಾಯಿಷಿ ಇಲ್ಲ.

ಬರೆದಾದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಕಾಗದದ ಬಗ್ಗೆ ಅವರು ಏನೂ ಅನ್ನಲಿಲ್ಲ. ‘ಚೀಲ ಹರಿದಿತ್ತು ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಹೊಲಿದು ಕೊಟ್ಟಿರಲಿಲ್ಲವೇ?’ ಎಂದರು. ಹೊಲಿದ ಚೀಲ ಎಂದೇ ತಿದ್ದಿದೆ.

ಕೊನೆಗೆ ಶುಲ್ಕ ಕಟ್ಟಲು ಅಪ್ಪನಿಗೆ ಸಾಲ ಕೊಟ್ಟವರು ಯಾರೆಂದು ಈಗ ನನಗೆ ಗೊತ್ತು. ಅದು ಅವರಿಬ್ಬರ ನಡುವಿನ ಮಾತು. ಚೀಲ ಹೊತ್ತು ಹೋಗುತ್ತಿದ್ದ ವಯಸ್ಸಿನಲ್ಲಿ ನನಗೆ ಗೊತ್ತಿರಲೂ ಇಲ್ಲ, ಬರಹದಲ್ಲಿ ಆ ಹೆಸರೂ ಇಲ್ಲ.